ಒಂದು ಆವಿಗೆ ಗಡಿಗೆಗೆ ಕಟ್ಟಿಗೆ ಎಷ್ಟು?

ಆಳಂದದಿಂದ: "3 ಕೆಜಿ ತೂಕದ 100 ಗಡಿಗೆ ಅದಾವ್ರಿ. ದುಂಡನ ಇಟ್ಟಂಗಿ ಆವಿಗೆ, ಮ್ಯಾಲ ಬಾಯಿ ತೆರೆದದ, ಕೆಳಗ ಒಲಿ. ಜಾಲಿ ಕಟ್ಟಿಗೆ ಎಷ್ಟು ತರಬೇಕು? ಲೆಕ್ಕ ಹೆಂಗ ಹಾಕೋದು?"

ಶಹಾಪುರ: ಗಡಿಗೆ ತೂಕದಷ್ಟೇ ಕಟ್ಟಿಗೆ ತರ್ರಿ. 3 ಕ್ವಿಂಟಲ್ ಸಾಕು. ನಮ್ಮ ಕಡಿ ಎಲ್ಲರೂ ಹಿಂಗೇ ಹಾಕ್ತಾರ.

ಚಿಂಚೋಳಿ: ಆ ಅಂದಾಜು ಹಸಿ ಕಟ್ಟಿಗೆಗೆ ಹೊಂದ್ತದ. ಕಟ್ಟಿಗೆ ಚಲೋ ಒಣಗಿದ್ರ ಅರ್ಧ ಸಾಕು.

ಮಣ್ಣು 1 ಕೆಜಿಗೆ 1 ಡಿಗ್ರಿ ಏರಿಸಾಕ ಹತ್ತಿರ 1 ಕಿಲೋಜೂಲ್ ಬೇಕು. 300 ಕೆಜಿಯನ್ನ 30ರಿಂದ 800 ಡಿಗ್ರಿಗೆ ಒಯ್ಯಾಕ 230 ಮೆಗಾಜೂಲ್. ಒಣಗಿದಂಗ ಕಂಡರೂ ಗಡಿಗ್ಯಾಗ ಉಳಿದ ನೀರು ಆರಿಸಾಕ 30, ಮಣ್ಣಿನೊಳಗ ಕೂಡಿಕೊಂಡ ನೀರು ಬಿಡಿಸಾಕ ಸುಮಾರು 60. ಒಟ್ಟು 320. ಒಣ ಜಾಲಿ ಕೆಜಿಗೆ 15 ಮೆಗಾಜೂಲ್ ಕೊಡ್ತದ, ಅಂದ್ರ ಗಡಿಗೆಗೆ ನಿಜವಾಗಿ ಬೇಕಾದ್ದು 21 ಕೆಜಿ ಅಷ್ಟೇ!

ಉಳಿದದ್ದು ಎಲ್ಲಿ ಹೋಗ್ತದ ಅಂತ ನೋಡ್ರಿ. ಗ್ವಾಡಿ ಇಟ್ಟಂಗಿ 1 ಟನ್ ಇದ್ದು, ಒಳ-ಹೊರ ಸರಾಸರಿ 400 ಡಿಗ್ರಿ ಏರಿದ್ರ, ಇಟ್ಟಂಗಿ ಕೆಜಿಗೆ ಡಿಗ್ರಿಗೆ 0.9 ಕಿಲೋಜೂಲ್‌ನಂಗ 360 ಮೆಗಾಜೂಲ್ ಅದೇ ನುಂಗ್ತದ. ಗಡಿಗೆ, ಗ್ವಾಡಿ ಸೇರಿ 680. ಇಷ್ಟು ಒಳಗ ಉಳಿಬೇಕಾದ್ರ ಉರಿಯ ಅರ್ಧದಷ್ಟು ಬಿಸಿ ಹೊಗಿಯಾಗಿ ಮ್ಯಾಲ ಹೋಗ್ತದ, ಇನ್ನೊಂದು ಐದನೇ ಪಾಲು ಒಲಿ ಬಾಯಿ, ಗ್ವಾಡಿಯ ಹೊರಮೈ, ಸುಡದೆ ಉಳಿದ ಕೆಂಡಕ್ಕ. ನಿಮಗ ದಕ್ಕೋದು ನೂರಕ್ಕ 30. ಆಗ 680 ÷ 0.3 ÷ 15, ಸುಮಾರು 150 ಕೆಜಿ. ಗ್ವಾಡಿ ತೂಕ ಬ್ಯಾರೆ ಇದ್ರ ಅದನ್ನ ಬದಲಿಸ್ರಿ.

ಗಡಿಗೆ ಅರ್ಧ ತುಂಬಿದ್ರ ಕಟ್ಟಿಗೆ ಅರ್ಧ ಆಗಂಗಿಲ್ಲ, 115 ಕೆಜಿ ಬೇಕೇ ಬೇಕು. ಗ್ವಾಡಿಗೆ ಹಸಿವು ಕಡಿಮಿ ಆಗೋದಿಲ್ಲ. ತುಂಬಿಯೇ ಸುಡ್ರಿ.

ಹುಮನಾಬಾದ್: ನಾ ಬರೀ ತೊಗರಿ ಕಟ್ಟಿಗಿ ಹಾಕ್ತೀನಿ, ಆದ್ರ ಮೊದಲ ತಾಸಿನ್ಯಾಗೇ ಗಡಿಗೆ ಪಟ್ ಪಟ್ ಒಡಿತಾವ. ಕಟ್ಟಿಗೆ ಸಾಲದ್ದಕ್ಕೇನು?

ಚಿಂಚೋಳಿ: ಸಾಲದ್ದಕ್ಕಲ್ಲ, ಹೆಚ್ಚಾದ್ದಕ್ಕ. ತೊಗರಿ ಭಗ್ಗಂತ ಹತ್ತತದ, ಒಳಗಿನ ನೀರು ಉಗಿಯಾಗಿ ಹೊರಗ ಬರೂ ಮೊದಲೇ ಗಡಿಗೆ ಒಡಿತಾವ. ಮೊದಲು ದಪ್ಪ ಜಾಲಿ ತುಂಡು ಹಾಕಿ ಸಣ್ಣ ಉರಿ ಇಡ್ರಿ. ಮ್ಯಾಲ ತಣ್ಣನ ಸ್ಟೀಲ್ ತಟ್ಟಿ ಅಡ್ಡ ಹಿಡಿದು ನೋಡ್ರಿ, ಮಂಜು ಕೂಡೋದು ನಿಲ್ಲೂತನಕ ಉರಿ ಏರಿಸಬ್ಯಾಡ್ರಿ. ತೊಗರಿಯ ಉದ್ದನ ಜ್ವಾಲಿ ಕಡೀ ಹಂತಕ್ಕ ಚಲೋ, ಮ್ಯಾಲಿನ ಸಾಲಿಗೂ ಮುಟ್ಟತದ. ಗಡಿಗೆ ಮಬ್ಬು ಕೆಂಪಿದ್ರ ಇನ್ನೂ 700 ಆಸುಪಾಸು. ನಿಚ್ಚಳ ಕೆಂಪಾದ ಮ್ಯಾಲ ಉರಿ ನಿಲ್ಲಸ್ರಿ.

ಸೇಡಂ: ಹೊಗಿಗೇ ಅರ್ಧ ಹೋಗೋದಾದ್ರ ಮ್ಯಾಲ ಪೂರ್ತಿ ಮೆತ್ತಿಬಿಡಬಾರದ?

ಚಿಂಚೋಳಿ: ಪೂರ್ತಿ ಮುಚ್ಚಿದ್ರ ಗಾಳಿ ಎಳಿಯಂಗಿಲ್ಲ, ಉರಿ ಒಲಿ ಬಾಯಿಂದ ಹೊರಗ ಬರ್ತದ, ಗಡಿಗೆ ಕಪ್ಪಾಗ್ತಾವ. ಒಡೆದ ಬೋಕಿ ಹರವಿ ಸಂದಿ ಬಿಡ್ರಿ.

ಶಹಾಪುರ: ಗ್ವಾಡಿ ಒಳಗ ಬೂದಿ ಕಲಸಿದ ಮಣ್ಣು ದಪ್ಪ ಮೆತ್ತಿದ್ರ ಗ್ವಾಡಿ ನುಂಗೋದು ಕಡಿಮಿ ಆಗ್ತದಲ್ಲ?

ಚಿಂಚೋಳಿ: ಆಗಬಹುದು, ಆದ್ರ ಎಷ್ಟು ಸುಡುವಿಕೆ ತಡಿತದ ಅನ್ನೋದರ ಮ್ಯಾಲ ಅದ. ಮೆತ್ತಿದವರು ಯಾರಾದ್ರೂ ಇದ್ರ ಕಟ್ಟಿಗೆ ತೂಗಿ ಹೇಳ್ರಿ.