ಬಸ್ಸಿನ ಅಂತರ ಅಂದಾಜು: ಸರಾಸರಿಯ ಎರಡರಷ್ಟೋ, ಗರಿಷ್ಠವೋ? ಅನುಭವ ಇದ್ದವರು ಹೇಳಿ

ಸ್ಟಾಪ್‌ನಲ್ಲಿ ನಿಂತವಳು: ಒಂದೇ ರೂಟಿನ ಬಸ್ಸಿಗೆ ಕಾದ ಸಮಯ ಬರೆದಿಟ್ಟಿದ್ದೇನೆ, ನಿಮಿಷಗಳಲ್ಲಿ: 1.4, 2.2, 3.2, 4.6, 5.8, 6.8, 9.6, 18.2. ಬಸ್ಸು ಸಮ ಅಂತರದಲ್ಲಿ ಬರುತ್ತೆ ಅಂದುಕೊಂಡರೆ ಕಾಯುವ ಸಮಯ 0ಯಿಂದ θ ವರೆಗೆ ಯೂನಿಫಾರ್ಮ್. θ ಎಷ್ಟು? ಸರಾಸರಿಯನ್ನು ದುಪ್ಪಟ್ಟು ಮಾಡಲೋ, ಅತಿ ದೊಡ್ಡದನ್ನು ಹಿಡಿಯಲೋ?

ಸಂಭವ: ದುಪ್ಪಟ್ಟು ಮಾಡಿದರೆ 12.95 ಬರುತ್ತೆ. 18.2 ನಿಮಿಷ ಕಾದದ್ದು ಕಣ್ಣೆದುರಿಗೇ ಇದೆ, ಹಾಗಾಗಿ 12.95 ಸಾಧ್ಯವೇ ಇಲ್ಲದ ಉತ್ತರ. ಇಲ್ಲಿ ಸರಾಸರಿ ಕೈಕೊಡುವುದು ಅಪರೂಪವೇನಲ್ಲ. θ ಬಗೆಗಿನ ಮಾಹಿತಿಯೆಲ್ಲ ಗರಿಷ್ಠದಲ್ಲಿದೆ, ಉಳಿದ ಏಳು ಅಂಕೆ ಅದಕ್ಕೆ ಏನನ್ನೂ ಸೇರಿಸುವುದಿಲ್ಲ. ಆದರೆ ಗರಿಷ್ಠ ಯಾವಾಗಲೂ θಗಿಂತ ಕಡಿಮೆಯೇ ಇರುತ್ತೆ. ಎಂಟು ಅಳತೆಯಾದರೆ ಸರಾಸರಿಯಲ್ಲಿ θನ 8/9ಕ್ಕೆ ನಿಲ್ಲುತ್ತೆ. ಆದ್ದರಿಂದ 9/8ರಿಂದ ಗುಣಿಸಿ: 20.5 ನಿಮಿಷ. ಶೇ. 95 ವ್ಯಾಪ್ತಿ ಬೇಕಾದರೆ ಕೆಳಗಿನ ಅಂಚು 18.2, ಮೇಲಿನ ಅಂಚು `18.2 / 0.05**(1/8)`, ಅಂದರೆ 26.5. ನಂಬಿಕೆ ಇಲ್ಲದವರು ಓಡಿಸಿ ನೋಡಿ:

```
import numpy as np
r = np.random.default_rng(1)
x = r.uniform(0, 20, (100000, 8))
print((x.max(1)*9/8).std(), (2*x.mean(1)).std())
```

ಮೊದಲನೆಯದು 2.24ರ ಹತ್ತಿರ, ಎರಡನೆಯದು 4.08ರ ಹತ್ತಿರ ಬರುತ್ತೆ. ದುಪ್ಪಟ್ಟು ಸರಾಸರಿಯ ಅಲುಗಾಟ ಹೆಚ್ಚುಕಡಿಮೆ ಎರಡರಷ್ಟು. ಅಳತೆಗಳು ಹೆಚ್ಚಿದಷ್ಟೂ ಈ ವ್ಯತ್ಯಾಸ ಬೆಳೆಯುತ್ತೆ, ಏಕೆಂದರೆ ಗರಿಷ್ಠದ ತಪ್ಪು `1/n` ವೇಗದಲ್ಲಿ ಕುಗ್ಗುತ್ತೆ, ಸರಾಸರಿಯದ್ದು `1/sqrt(n)` ವೇಗದಲ್ಲಿ.

ಸಮಭಾಗ: ಗರಿಷ್ಠಕ್ಕೆ ಇಷ್ಟು ಪೂಜೆ ಯಾಕೆ? ಯೂನಿಫಾರ್ಮ್ ಎರಡೂ ಕಡೆ ಒಂದೇ ತರ. ಗರಿಷ್ಠ θಯಿಂದ ಎಷ್ಟು ದೂರವೋ ಕನಿಷ್ಠ ಸೊನ್ನೆಯಿಂದ ಅಷ್ಟೇ ದೂರ, ಸರಾಸರಿಯಲ್ಲಿ ಎರಡೂ θ/9. ಅಂದಮೇಲೆ ಕನಿಷ್ಠವನ್ನು 9ರಿಂದ ಗುಣಿಸಿದರೂ θ ಸಿಗಬೇಕು. 1.4 × 9 = 12.6.

ಸಂಭವ: ಸರಾಸರಿಯಲ್ಲಿ ಸಿಗುತ್ತೆ, ಒಪ್ಪಿದೆ. ಎರಡರ ಅಲುಗಾಟವೂ ಒಂದೇ, θನ ಹತ್ತನೇ ಒಂದು ಭಾಗದಷ್ಟು. ಆದರೆ ಗರಿಷ್ಠದ ಆ ಅಲುಗಾಟಕ್ಕೆ ನೀವು 9/8ರಿಂದ ಗುಣಿಸುತ್ತೀರಿ, ಕನಿಷ್ಠದ್ದಕ್ಕೆ 9ರಿಂದ. ಹೀಗಾಗಿ ನಿಮ್ಮ ಅಂದಾಜಿನ ತಪ್ಪು θನ ಶೇ. 89ಕ್ಕೆ ಹೋಗುತ್ತೆ. ಬಸ್ಸು ಕಂಡ ಕೂಡಲೇ ಓಡಿ ಹತ್ತಿದ ಒಂದು ದಿನ ಲೆಕ್ಕಕ್ಕೆ ಬಂದರೆ θ ಎರಡು ನಿಮಿಷಕ್ಕೆ ಇಳಿದುಬಿಡುತ್ತೆ.

ಸಮಭಾಗ: ಗರಿಷ್ಠ ಕನಿಷ್ಠ ಎರಡನ್ನೂ ಕೂಡಿಸಿದರೆ 19.6. ಅದಕ್ಕೂ ಪಕ್ಷಪಾತ ಇಲ್ಲ, ಗುಣಕವೂ ಬೇಡ.

ಸಂಭವ: ಅದೂ ಸರಿ, ಆದರೆ ಅಲುಗಾಟ θನ ಶೇ. 14.9. ಗರಿಷ್ಠ ಒಂದರಿಂದಲೇ ಶೇ. 11.2. ಕೆಳಗಿನ ತುದಿ ಸೊನ್ನೆ ಅಂತ ಗೊತ್ತಿದ್ದಮೇಲೆ ಕನಿಷ್ಠ ಬರೀ ಗದ್ದಲ ಸೇರಿಸುತ್ತೆ.

ಗೇಜು ರೂಮು: ಕೆಳಗಿನ ತುದಿ ಗೊತ್ತಿಲ್ಲದವರ ಪಾಡು ಯಾರಿಗೂ ಬೇಡ ಅನಿಸುತ್ತೆ! ಕತ್ತರಿಸಿದ ಸರಳಿನ ಉದ್ದ, ಎರಡೂ ತುದಿ ತಿಳಿಯದು. ಐದು ತುಂಡು ಅಳೆದು ಕನಿಷ್ಠ 99.82 ಮಿ.ಮೀ., ಗರಿಷ್ಠ 100.14 ಅಂತ ಬಂತು. ಗಿರಾಕಿ ಕಂಪನಿಯ ಎಂಜಿನಿಯರ್ ಅದನ್ನೇ ಡ್ರಾಯಿಂಗ್‌ಗೆ ಮಿತಿಯಾಗಿ ಬರೆದರು. ಆಮೇಲೆ ಮೂರಕ್ಕೆ ಒಂದು ತುಂಡು ರಿಜೆಕ್ಟ್, ಸ್ಕ್ರ್ಯಾಪಿನ ದುಡ್ಡು ನಮ್ಮ ಬಿಲ್ಲಿನಿಂದ ಕಡಿತ, ವಾಪಸ್ ಸಾಗಣೆಯೂ ನಮ್ಮದೇ ತಲೆಗೆ. ಯಂತ್ರ ಸರಿಯಾಗೇ ಇತ್ತು. ಐದು ಅಳತೆಯ ವ್ಯಾಪ್ತಿಯ ಹೊರಗೆ ಆರನೆಯದು ಬೀಳುವ ಸಂಭವ 2/6, ಅದಕ್ಕೆ ಯೂನಿಫಾರ್ಮ್ ಕೂಡ ಬೇಕಿಲ್ಲ. ಮಾಡಬೇಕಿದ್ದದ್ದು ಇಷ್ಟೇ: ವ್ಯಾಪ್ತಿ 0.32, ಅದನ್ನು ಒಂದು ಕಡಿಮೆ ಐದರಿಂದ, ಅಂದರೆ ನಾಲ್ಕರಿಂದ, ಭಾಗಿಸಿದರೆ 0.08. ಎರಡೂ ಕಡೆ ಅಷ್ಟಷ್ಟು ಚಾಚಿ: 99.74ರಿಂದ 100.22. ಕನಿಷ್ಠ "ಬರೀ ಗದ್ದಲ" ಅನ್ನುವವರು ಇದನ್ನು ನೋಡಬೇಕು.

ಸಂಭವ: ಸರ್, ಕೆಳತುದಿ ಗೊತ್ತಿದ್ದಾಗ ಅಂತಲೇ ಬರೆದಿದ್ದೇನೆ. ಓದಿ.

ಗೇಜು ರೂಮು: ಓದಿದ್ದೇನೆ ಕಣ್ರೀ. ಸ್ಕ್ರ್ಯಾಪ್ ತೂಕ ಹಾಕಿಸಿದವರಿಗೆ ಗೊತ್ತು ಅದರ ಬೆಲೆ.

ಸರಣಿ ಸಂಖ್ಯೆ: ಇದು ಹಳೇ ಟ್ಯಾಂಕ್ ಲೆಕ್ಕ. ಎರಡನೇ ಮಹಾಯುದ್ಧದಲ್ಲಿ ಸಿಕ್ಕ ಜರ್ಮನ್ ಟ್ಯಾಂಕುಗಳ ಸರಣಿ ಸಂಖ್ಯೆಯಿಂದ ತಿಂಗಳ ಉತ್ಪಾದನೆ ಅಂದಾಜು ಮಾಡಿದರು. 1942ರ ಆಗಸ್ಟ್‌ಗೆ ಗೂಢಚಾರರ ಲೆಕ್ಕ 1550, ಸರಣಿ ಸಂಖ್ಯೆಯ ಲೆಕ್ಕ 327, ಯುದ್ಧದ ನಂತರ ಸಿಕ್ಕ ಜರ್ಮನ್ ದಾಖಲೆ 342. ಸೂತ್ರ `m + m/n - 1`. ನಿಮ್ಮದಕ್ಕೆ 18.2 + 2.275 − 1 = 19.5 ನಿಮಿಷ. ಮುಗೀತು.

ಸಂಭವ: ಆ −1 ಬಂದಿರುವುದು ಸಂಖ್ಯೆಗಳು 1, 2, 3 ಅಂತ ಎಣಿಕೆಯಲ್ಲಿ ಇರುವುದರಿಂದ. ನಿಮಿಷಕ್ಕೆ ಅದು ಸಲ್ಲ. ಇದೇ ಅಳತೆಗಳನ್ನು ಸೆಕೆಂಡಿಗೆ ಬದಲಿಸಿ ನಿಮ್ಮ ಸೂತ್ರ ಹಾಕಿ, 1227.5 ಬರುತ್ತೆ, ಅಂದರೆ 20.46 ನಿಮಿಷ. ಘಟಕ ಬದಲಿಸಿದರೆ ಬಸ್ಸು ಒಂದು ನಿಮಿಷ ತಡವಾಗುತ್ತಾ?

ಸರಣಿ ಸಂಖ್ಯೆ: ಒಂದು ನಿಮಿಷಕ್ಕೆ ಇಷ್ಟು ರಂಪ. 1940ರ ಜೂನ್‌ನಲ್ಲಿ ಅಂದಾಜು 169, ದಾಖಲೆ 122. ಅಷ್ಟು ವ್ಯತ್ಯಾಸ ಇದ್ದರೂ ಕೆಲಸಕ್ಕೆ ಬಂತು, ಯಾಕಂದ್ರೆ ಗೂಢಚಾರರು 1000 ಅಂದಿದ್ದರು.

ಕಡಿಮೆ ತಪ್ಪು: ಪಕ್ಷಪಾತ ಇಲ್ಲದಿರುವುದೇ ದೊಡ್ಡದಾದರೆ 9/8. ವರ್ಗಿತ ತಪ್ಪು ಕಡಿಮೆ ಬೇಕಾದರೆ 10/9ರಿಂದ ಗುಣಿಸಬೇಕು, 20.2. ಕ್ಲಾಸಿನಲ್ಲಿ ಇದನ್ನು ಹೇಳುವುದೇ ಇಲ್ಲ ಅನ್ನುವುದು ನನ್ನ ಸಿಟ್ಟು.

ಸಂಭವ: ಎಂಟು ಅಳತೆಗೆ ಲಾಭ ಶೇ. 1ರ ಸುತ್ತ. ಅದಕ್ಕಾಗಿ ಸರಾಸರಿಯಲ್ಲಿ ಸ್ವಲ್ಪ ಕಡಿಮೆ ಹೇಳುವ ಅಂದಾಜು ನನಗೆ ಬೇಡ.

ಕಡಿಮೆ ತಪ್ಪು: ಬೇಡ ಅನ್ನುವುದು ರುಚಿ, ಗಣಿತ ಅಲ್ಲ.

ಮರುಮಾದರಿ: ಇಷ್ಟೆಲ್ಲ ಸೂತ್ರ ಯಾಕೆ, ಬೂಟ್‌ಸ್ಟ್ರಾಪ್ ಮಾಡಿ ವ್ಯಾಪ್ತಿ ತೆಗೆಯಿರಿ.

ಸಂಭವ: ಇಲ್ಲಿ ಅದು ಕೆಡುತ್ತೆ. ಎಂಟರಿಂದ ಎಂಟನ್ನು ಮರಳಿ ಆರಿಸಿದಾಗ ಶೇ. 66ರಷ್ಟು ಬಾರಿ ಗರಿಷ್ಠ 18.2 ಅಂತಲೇ ಬರುತ್ತೆ, ಅದನ್ನು ಮೀರಿ ಎಂದೂ ಹೋಗುವುದಿಲ್ಲ. ನಿಜವಾದ θ ಅದರ ಮೇಲಿದೆ. ವ್ಯಾಪ್ತಿ ಇಡಿಯಾಗಿ ತಪ್ಪು ಕಡೆ ಕೂರುತ್ತೆ.

ಗೇಜು ರೂಮು: ಪಟ್ಟಿಯನ್ನು ಯಾರಾದರೂ ಸರಿಯಾಗಿ ನೋಡಿದಿರಾ? 9.6 ಆದಮೇಲೆ ನೇರ 18.2. ಗರಿಷ್ಠ ಗೊತ್ತಿದ್ದರೆ ಉಳಿದ ಏಳೂ 0ಯಿಂದ 18.2 ವರೆಗೆ ಯೂನಿಫಾರ್ಮ್ ಆಗಿರಬೇಕು. ಏಳೂ 9.6ರ ಒಳಗೇ ಬೀಳುವ ಸಂಭವ `(9.6/18.2)**7`, ಶೇ. 1.1. ನನ್ನ ಗೇಜು ರೂಮಿನಲ್ಲಾದರೆ ಮೊದಲು ಯೂನಿಫಾರ್ಮ್ ಅನ್ನುವುದನ್ನೇ ಅನುಮಾನಿಸುತ್ತೇನೆ.

ಸ್ಟಾಪ್‌ನಲ್ಲಿ ನಿಂತವಳು: ಒಂದು ಮಾತು ಬರೆಯಲಿಲ್ಲ. ಕೆಲವು ಸಲ ಒಂದರ ಹಿಂದೆ ಒಂದು ಎರಡು ಬಸ್ಸು ಬರುತ್ತೆ.

ಗೇಜು ರೂಮು: ಅಲ್ಲಿಗೆ ಬಂತು. ಒಂದು ಅಂತರ 5, ಮುಂದಿನದು 20, ಹೀಗೆ ಸರದಿ ಅಂದುಕೊಳ್ಳಿ. 5ರೊಳಗೆ ಕಾಯುವುದು ಎರಡೂ ಅಂತರದಲ್ಲಿ ಸಾಧ್ಯ, 5 ಮೀರಿ ಕಾಯುವುದು ಒಂದರಲ್ಲೇ. ಅದಕ್ಕೇ ಚಿಕ್ಕ ಅಂಕೆಗಳು ಗುಂಪಾಗುತ್ತವೆ. ಗರಿಷ್ಠ ಹಿಡಿದರೆ ಉದ್ದದ ಅಂತರ 20 ಸಿಗುತ್ತೆ, ಸರಾಸರಿಯ ಎರಡರಷ್ಟು ಮಾಡಿದರೆ 17, ನಿಜವಾದ ಸರಾಸರಿ ಅಂತರ 12.5. ಎರಡೂ ಬೇರೆ ಪ್ರಶ್ನೆಗೆ ಉತ್ತರ.

ಸಂಭವ: ಎಂಟು ಅಂಕೆಯಿಂದ ಅದನ್ನು ತೀರ್ಮಾನಿಸಲಾಗದು. ಪಟ್ಟಿ ನೋಡಿದ ಮೇಲೆ ಕಣ್ಣಿಗೆ ಬಿದ್ದ ಅಂತರಕ್ಕೆ ಶೇ. 1.1 ಲೆಕ್ಕ ಹಾಕುವುದೂ ತುಸು ಧಾರಾಳ. ಮೇಡಂ, ಕಾದ ಸಮಯ ಬಿಡಿ, ಒಂದು ಬೆಳಗ್ಗೆ ಸ್ಟಾಪಿನಲ್ಲೇ ಕೂತು ಬಸ್ಸು ಬಂದ ಗಂಟೆಗಳನ್ನೇ ಬರೆದುಕೊಳ್ಳಿ.

ಗೇಜು ರೂಮು: ಅದಕ್ಕೆ ನನ್ನ ತಕರಾರಿಲ್ಲ. ಧಾರಾಳ ಅಂದದ್ದಕ್ಕೆ ಇದೆ.