ತಂಬ್‌ನೇಲ್‌ನ ‘ಔಟ್‌ಲೈನ್’: ಗೆರೆಗೂ ಅದೇ, ಬೆಳಕಿಗೂ ಅದೇ ಪದವೇ?

ಕಲಬುರಗಿಯಿಂದ:
ಯೂಟ್ಯೂಬ್ ಚಾನೆಲ್‌ಗಳಿಗೆ ತಂಬ್‌ನೇಲ್ ಮಾಡಿಕೊಡುತ್ತೇನೆ. ಕೆಲಸ ಕಲಿಯಲು ಬರುವ ಹುಡುಗರಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ, ಒಂದು ಪದಕ್ಕೆ ಸಿಕ್ಕಿಬಿದ್ದಿದ್ದೇನೆ. ಚಿತ್ರದಲ್ಲಿರುವವರ ಸುತ್ತ ಗಟ್ಟಿ ಗೆರೆ ಎಳೆದರೂ ‘ಔಟ್‌ಲೈನ್’, ಬೆಳಕು ಹರಡಿದರೂ ‘ಔಟ್‌ಲೈನ್’ ಅಂತಾರೆ. ಮೊನ್ನೆ ಜೋಳದ ರೊಟ್ಟಿಯ ವಿಡಿಯೋ ಬಂತು. ರೊಟ್ಟಿ ಬಡಿಯುವ ಅಜ್ಜಿಯನ್ನು ಕತ್ತರಿಸಿ ಗಾಢ ಹಳದಿಯ ಮೇಲೆ ಕೂರಿಸಿದ್ದಾಯಿತು. ಚಾನೆಲ್‌ನವರು ‘ಔಟ್‌ಲೈನ್ ಹಾಕಿ’ ಎಂದರು. ಹುಡುಗ ಫೋಟೋಶಾಪಿನಲ್ಲಿ Outer Glow ಹಾಕಿದ. ಕಂಡೂ ಕಾಣದ ಹಾಗಾಯಿತು. ಅವರು ಕೇಳಿದ್ದು Stroke. ಎರಡಕ್ಕೂ ಬೇರೆ ಬೇರೆ ಕನ್ನಡ ಪದ ಇದೆಯೇ?

ಯಾದಗಿರಿಯಿಂದ:
‘ಪ್ರಭಾವಳಿ’ ಅನ್ನಿ. ದೇವರ ಮೂರ್ತಿಯ ಹಿಂದೆ ಇರೋದೂ ಅದೇ ಅಲ್ವಾ?

ಬೀದರಿನಿಂದ:
ಪದ ಚೆಂದ, ಆದರೆ ಪೂರ್ತಿ ಕೂಡುವುದಿಲ್ಲ. ಪ್ರಭಾವಳಿ ಮೂರ್ತಿಯ ಹಿಂದೆ ಬೇರೆಯಾಗಿ ನಿಲ್ಲುತ್ತದೆ, ಅದಕ್ಕೆ ತನ್ನದೇ ಆಕಾರ. ಇಲ್ಲಿಯ ಬೆಳಕು ಅಜ್ಜಿಯ ಸೆರಗು, ಬೆರಳು ಎಲ್ಲದರ ಅಂಚು ಹಿಡಿದೇ ಹೋಗುತ್ತದೆ. Stroke‌ಗೆ ‘ಅಂಚುಗೆರೆ’, Outer Glow‌ಗೆ ‘ಅಂಚುಬೆಳಕು’ ಎಂದರೆ ಹೇಗೆ?

ನಿಮ್ಮ ಹಳದಿಯ ವಿಷಯ. ಅಂಚುಬೆಳಕಿನ ಬ್ಲೆಂಡ್ ಮೋಡ್ ತಾನಾಗಿ Screen ಇರುತ್ತದೆ. ಅದು ಕೆಳಗಿನ ಬಣ್ಣವನ್ನು ತಿಳಿ ಮಾಡುತ್ತದೆ ಅಷ್ಟೇ. ಮೊದಲೇ ಹೊಳೆಯುವ ಹಳದಿಯಲ್ಲಿ ಇನ್ನೆಷ್ಟು ತಿಳಿಯಾದೀತು? ಹಿನ್ನೆಲೆಯನ್ನು ಕಡು ನೇರಳೆಗೋ ಮೆರೂನಿಗೋ ಬದಲಿಸಿದರೆ ಅದೇ ಬೆಳಕು ಎದ್ದು ಕಾಣುತ್ತದೆ. ಹಳದಿಯೇ ಬೇಕೆಂದರೆ ಕಪ್ಪು ಅಂಚುಗೆರೆ ಹಾಕಿ. 1280×720 ಚಿತ್ರ ಮೊಬೈಲಿನ ಪಟ್ಟಿಯಲ್ಲಿ 160 ಪಿಕ್ಸೆಲ್ ಅಗಲಕ್ಕೆ ಕುಗ್ಗಿದರೆ 8 ಪಿಕ್ಸೆಲ್ ಗೆರೆ 1 ಪಿಕ್ಸೆಲ್ ಆಗುತ್ತದೆ. ಅದಕ್ಕಿಂತ ಸಣ್ಣದು ಹಾಕಿದರೆ ಸುಮ್ನೆ ದಂಡ. Position ಮಾತ್ರ Outside ಇರಲಿ. Inside ಇಟ್ಟರೆ ಗೆರೆ ಬೆರಳುಗಳನ್ನೇ ತಿನ್ನುತ್ತದೆ.

ಕಲಬುರಗಿಯ ಇನ್ನೊಬ್ಬರು:
ನಾನು ಫೋನಿನಲ್ಲೇ ಹಿನ್ನೆಲೆ ತೆಗೆಯುತ್ತೇನೆ. ಏನೂ ಹಾಕದೇ ಇದ್ದರೂ ತಲೆಗೂದಲ ಸುತ್ತ ಬಿಳಿ ಅಂಚುಗೆರೆ ಬಂದೇ ಬರುತ್ತದೆ. ಅದನ್ನೇ ದಪ್ಪ ಮಾಡಿದರೆ ಸಾಲದೇ?

ಬೀದರಿನಿಂದ:
ಅದು ಅಂಚುಗೆರೆ ಅಲ್ಲ, ಹಳೆ ಹಿನ್ನೆಲೆಯ ಬಣ್ಣ ಉಳಿದಿರೋದು. ಹಿಂದೆ ಕಪ್ಪು ಇಟ್ಟು ನೋಡಿ. ನಾವು ಹಾಕಿದ ಗೆರೆ ಸುತ್ತಲೂ ಒಂದೇ ದಪ್ಪ ಇರುತ್ತದೆ. ಇದು ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಇರುವುದೇ ಇಲ್ಲ. ಫೋಟೋಶಾಪಿನಲ್ಲಾದರೆ ಕತ್ತರಿಸುವ ಮುಂಚೆ ಆಯ್ಕೆಯನ್ನು 1–2 ಪಿಕ್ಸೆಲ್ ಒಳಗೆ ತನ್ನಿ, ಮೈ ಬಟ್ಟೆಯ ಅಂಚು ಶುದ್ಧವಾಗುತ್ತದೆ. ಕೂದಲಿಗೆ ಈ ಉಪಾಯ ಬೇಡ, ಎಳೆಗಳೇ ಹೋಗಿಬಿಡುತ್ತವೆ. ಅಲ್ಲಿ ಮಾಸ್ಕ್ ಮೇಲೆ ಕೈಯಿಂದಲೇ ತಿದ್ದಬೇಕು.

ಕಲಬುರಗಿಯಿಂದ:
‘ಅಂಚುಗೆರೆ’ ಟಿಪ್ಪಣಿಗೆ ಸೇರಿತು. ‘ಅಂಚುಬೆಳಕು’ ಹುಡುಗರ ಬಾಯಲ್ಲಿ ನಿಲ್ಲುತ್ತದೋ ನೋಡಬೇಕು, ಅವರಿಗೆ ‘ಗ್ಲೋ’ ರೂಢಿಯಾಗಿದೆ. ಆ ಉಳಿದ ಬಿಳಿಗೆ ಏನೆನ್ನೋಣ? ‘ಹಳೆಯಂಚು’ ಅಂತ ಬರೆದಿಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ.