ಬೇಡ ಅಂದ್ರೂ ದುಡ್ಡು ಬರುತ್ತೆ

ಈ ಸಲ ರಜೆಗೆ ಮೈಸೂರಿಗೆ ಹೋದಾಗ ಮಗಳ ಪರ್ಸಿನಲ್ಲಿ ಅವಳದ್ದೇ ಒಂದು ಕಾರ್ಡ್ ಇತ್ತು. ಹದಿನೆಂಟು ತುಂಬಿದ ಮೇಲೆ ಜರ್ಮನಿಯ ಬ್ಯಾಂಕಿನಲ್ಲಿ ಅವಳ ಹೆಸರಿಗೆ ತೆಗೆದ ಖಾತೆಯ ಡೆಬಿಟ್ ಕಾರ್ಡ್. "ಅಮ್ಮಾ, ನನ್ನ ಖರ್ಚು ನಾನೇ ನೋಡ್ಕೋತೀನಿ" ಅಂತ ವಿಮಾನದಲ್ಲೇ ಹೇಳಿಬಿಟ್ಟಿದ್ದಳು. ನಮ್ಮೂರಲ್ಲಿ ಈಗ ಎಳನೀರಿನವರೂ ಸ್ಕ್ಯಾನ್ ಮಾಡಿ ಅಂತಾರೆ. ಇಲ್ಲಿನ ಬ್ಯಾಂಕ್ ಖಾತೆಯೂ ಫೋನ್ ನಂಬರೂ ಇಲ್ಲದ ಹುಡುಗಿಗೆ ಮಾತ್ರ ನೋಟೇ ಗತಿ. ಹಾಗಾಗಿ ಕುವೆಂಪುನಗರದಲ್ಲಿ ಮನೆ ಹತ್ತಿರದ ಎಟಿಎಂಗೆ ಹೊರಟ್ವಿ. ಮಂಡ್ಯದಿಂದ ಬಂದಿದ್ದ ನಮ್ಮ ಮಾವನೂ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಬಂದರು.

ಮಾವ ಬಂದದ್ದಕ್ಕೆ ಕಾರಣ ಇತ್ತು. ಹೋದ ಸಲ ಮ್ಯೂನಿಕ್‌ಗೆ ಬಂದಿದ್ದಾಗ ರೈಲ್ವೆ ಸ್ಟೇಷನ್ನಿನ ಒಂದು ಯಂತ್ರದಲ್ಲಿ ಊರಿನ ಕಾರ್ಡ್ ಹಾಕಿ 200 ಯೂರೋ ತೆಗೆದಿದ್ದರು. ಆಗ ಯೂರೋವನ್ನ ಇಲ್ಲೇ ರೂಪಾಯಿಗೆ ಬದಲಾಯಿಸಲಾ ಅಂತ ಕೇಳಿ ಪರದೆ ಮೇಲೆ ರೂಪಾಯಿಯ ಲೆಕ್ಕ ಬಂತಂತೆ, ಹೂಂ ಅಂತ ಹಸಿರು ಗುಂಡಿ ಒತ್ತಿದರಂತೆ. ಸಂಜೆ ಮೆಸೇಜ್ ನೋಡಿದ ನಮ್ಮ ಮನೆಯವರು ಸುಮಾರು ಎಂಟುನೂರು ರೂಪಾಯಿ ಸುಮ್ಮನೆ ಹೋಯ್ತು ಅಂದಾಗ ಮಾವನಿಗೆ ಬೇಜಾರಾಗಿತ್ತು. "ನಮ್ ರೂಪಾಯ್ನಾಗೇ ತೋರುಸ್ತಲ್ಲವ್ವಾ, ಗೊತ್ತಿರೋ ಲೆಕ್ಕ ಅಂತ ಒತ್ಬುಟ್ಟೆ. ಬ್ಯಾಡ ಅಂದು, ದುಡ್ಡೇ ಬರ್ದೆ ಹೋದ್ರೆ ಏನ್ ಮಾಡ್ಲಿ?"

ಈ ಕೊನೆಯ ಮಾತಿದೆಯಲ್ಲ, ಎಲ್ಲ ಎಡವಟ್ಟೂ ಅಲ್ಲೇ. ಬೇಡ ಅಂದರೆ ದುಡ್ಡು ಬರಲ್ಲ ಅನ್ನೋ ಭಯ. ಓದು ಬರಹ ಕಲಿತು ಹದಿನೈದು ವರ್ಷದಿಂದ ಹೊರಗಿರೋ ನಮ್ಮಂಥವರೂ ಹಿಂದೆ ಸಾಲು ಬೆಳೆದಿದ್ದರೆ ಹಸಿರನ್ನೇ ಒತ್ತುತ್ತೇವೆ.

ಮಗಳ ಕಾರ್ಡಿನ ಮಟ್ಟಿಗೆ ಮೈಸೂರೇ ಪರದೇಶ. ಹಾಗಾಗಿ ಮ್ಯೂನಿಕ್‌ನಲ್ಲಿ ಮಾವನಿಗೆ ಆದದ್ದೇ ಇಲ್ಲಿ ಅವಳಿಗೂ ಎದುರಾಯಿತು, ಬರೀ ತಿರುವುಮುರುವಾಗಿ.

ಕಾರ್ಡ್ ಹಾಕಿದ ಕೂಡಲೇ ಭಾಷೆ ಕೇಳಿತು. ಇಂಗ್ಲಿಷ್, ಹಿಂದಿ, ಕನ್ನಡ. ತಾತ ಪಕ್ಕದಲ್ಲೇ ನಿಂತಿದ್ದಾರೆ, ಶನಿವಾರದ ಕನ್ನಡ ಶಾಲೆಯಲ್ಲಿ ಕಲಿತದ್ದನ್ನ ತೋರಿಸಬೇಕಲ್ಲ, ಇವಳು ಕನ್ನಡ ಒತ್ತಿದಳು. "ನ-ಗ-ದು" ಅಂತ ಅಕ್ಷರ ಕೂಡಿಸಿ ಓದಿ ಮುಂದೆ ಹೋದಳು. ಉಳಿತಾಯ ಖಾತೆಯೋ ಚಾಲ್ತಿ ಖಾತೆಯೋ ಅಂತ ಕೇಳಿದಾಗ ನಿಂತಳು. ಯೂರೋಪಿನಲ್ಲಿ ಸಂಬಳ, ಬಾಡಿಗೆ ಎಲ್ಲ ಓಡಾಡೋ ದಿನಬಳಕೆಯ ಖಾತೆ ಹೆಚ್ಚುಕಮ್ಮಿ ನಮ್ಮ ಚಾಲ್ತಿ ಖಾತೆ ಇದ್ದ ಹಾಗೆ. ಅದನ್ನೇ ಒತ್ತು ಅಂದೆ. ತಪ್ಪು ಆಯ್ಕೆ ಆದರೂ ದುಡ್ಡೇನೂ ಹೋಗಲ್ಲ. ಯಂತ್ರ ಒಪ್ಪದಿದ್ದರೆ ಕಾರ್ಡ್ ವಾಪಸ್ ಕೊಡುತ್ತೆ, ಇನ್ನೊಂದು ಒತ್ತಿ ನೋಡಿದರಾಯ್ತು.

ಭಾಷೆ ವಿಷಯ ಬಂದಿದ್ದಕ್ಕೆ ಒಂದು ಮಾತು. ಹೊರದೇಶದ ಯಂತ್ರದಲ್ಲಿ ಭಾಷೆ ಆರಿಸುವಾಗ ಅಲ್ಲಿನ ಭಾಷೆ ಅರ್ಧಂಬರ್ಧ ಬಂದರೂ ಧೈರ್ಯ ಮಾಡೋದು ಬೇಡ, ಚೆನ್ನಾಗಿ ಓದೋಕೆ ಬರೋದನ್ನೇ ಆರಿಸಿ. ಪಿನ್, ಮೊತ್ತ ಹಾಕುವ ತನಕ ಅಂದಾಜಿನಲ್ಲೇ ಸಾಗಬಹುದು. ಆದರೆ ದುಡ್ಡು ಹೋಗುವ ಆ ಒಂದು ಪರದೆಯಲ್ಲಿ ಪ್ರತಿ ಪದವೂ ಮುಖ್ಯ. ನಮ್ಮ ಯಂತ್ರ ಸರಿಯಾಗಿ ಅಲ್ಲೇ ಕೈ ಕೊಟ್ಟಿತು ನೋಡಿ. ಅಷ್ಟೂ ಹೊತ್ತು ಕನ್ನಡದಲ್ಲಿ ಮಾತಾಡಿಸುತ್ತಿದ್ದದ್ದು 10,000 ರೂಪಾಯಿ ಅಂತ ಹಾಕಿದ ಮೇಲೆ ಇದ್ದಕ್ಕಿದ್ದಂತೆ ಇಂಗ್ಲಿಷಿಗೆ ಹಾರಿತು. ಯೂರೋಗೆ 100 ರೂಪಾಯಿ ಅಂತ ಅಂಕಿಗಳನ್ನ ದುಂಡಗೆ ಮಾಡಿ ಹೇಳುವುದಾದರೆ, ಪರದೆ ಮೇಲೆ ಇದ್ದದ್ದು ಇಷ್ಟು:

```
INR 10,000.00
1 EUR = 94.34 INR
MARKUP 6%
EUR 106.00
ACCEPT CONVERSION
DECLINE CONVERSION
```

"106 ಯೂರೋ, ಸರಿ ಅನ್ಸತ್ತೆ" ಅಂತ ಅವಳ ಬೆರಳು ಮೇಲಿನದರ ಕಡೆಗೇ ಹೋಯಿತು. ತಡಿ ಅಂದೆ.

ಯಂತ್ರಕ್ಕೆ ಇವಳು ಯೂರೋದವಳು ಅಂತ ಗೊತ್ತಾದದ್ದು ಹೇಗೆ ಅಂತ ತಾತ ಕೇಳಿದರು. ಕಾರ್ಡ್ ನಂಬರಿನ ಮೊದಲ ಆರೆಂಟು ಅಂಕಿಗಳಲ್ಲೇ ಅದು ಯಾವ ಬ್ಯಾಂಕಿನದು, ಯಾವ ದೇಶದ್ದು ಅನ್ನೋದು ಇರುತ್ತೆ. ಅದನ್ನ ನೋಡಿ, "ನಿಮ್ಮ ದುಡ್ಡನ್ನ ಇಲ್ಲೇ, ಈಗಲೇ ನಿಮ್ಮೂರ ಹಣಕ್ಕೆ ಬದಲಾಯಿಸಿಕೊಡಲಾ?" ಅಂತ ಕೇಳುತ್ತೆ. ದರ ಯಂತ್ರದವರು ಇಟ್ಟದ್ದು. MARKUP ಅಂತ ಇದೆಯಲ್ಲ, ಆ ಹೆಚ್ಚುವರಿ ಲಾಭ ಯಂತ್ರ ಇಟ್ಟವರಿಗೂ ವಿನಿಮಯ ಮಾಡಿಕೊಡೋ ಕಂಪನಿಗೂ ಹಂಚಿಕೆ. ನಮ್ಮೂರಲ್ಲೇ ಇದನ್ನ ನೋಡಿ ಮಾವನಿಗೆ ಒಂಥರಾ ಸಮಾಧಾನ ಆದ ಹಾಗಿತ್ತು, "ಅಂಗಾರೆ ಅವ್ರೊಬ್ರೇ ಅಲ್ಲ."

ಬೇಡ ಅಂದರೆ ಏನಾಗುತ್ತೆ? ಇಲ್ಲಿಂದ ಬರೀ "10,000 ರೂಪಾಯಿ" ಅನ್ನೋ ಲೆಕ್ಕ ಹೋಗುತ್ತೆ. ಅದನ್ನ ಯೂರೋಗೆ ಬದಲಾಯಿಸೋದು ಕಾರ್ಡ್ ಜಾಲ, ಅಂದರೆ ವೀಸಾ ಅಥವಾ ಮಾಸ್ಟರ್‌ಕಾರ್ಡ್, ಅವರ ಆ ದಿನದ ದರದಲ್ಲಿ. ಅದು ಮಾರುಕಟ್ಟೆ ದರಕ್ಕೆ ತುಂಬ ಹತ್ತಿರ ಇರುತ್ತೆ, ಹಾಗಾಗಿ 100 ಯೂರೋ ಅಂತಿಟ್ಟುಕೊಳ್ಳಿ. ಅದರ ಮೇಲೆ ಅವಳ ಬ್ಯಾಂಕು ಹೊರದೇಶದ ಹಣಕ್ಕೆ ಶೇಕಡಾ 1.75 ಹಾಕುತ್ತೆ. ಒಟ್ಟು 101.75. ಯಂತ್ರದ ಮಾತು ಕೇಳಿದ್ದರೆ 106. ನಡುವೆ 4.25 ಯೂರೋ, ನಮ್ಮ ಲೆಕ್ಕದಲ್ಲಿ 425 ರೂಪಾಯಿ. ಎರಡು ಕಡೆಯೂ ಕೈಗೆ ಬರೋ ನೋಟು ಅಷ್ಟೇ, ಇಪ್ಪತ್ತು ಐನೂರರ ನೋಟು.

ಮಾವನ ಕಥೆಗೂ ಇದೇ ಲೆಕ್ಕ. 200 ಯೂರೋಗೆ ಯಂತ್ರ ಕೇಳಿದ್ದು 21,600 ರೂಪಾಯಿ. ಬೇಡ ಅಂದಿದ್ದರೆ 20,000, ಅದರ ಮೇಲೆ ಅವರ ಬ್ಯಾಂಕಿನ ಶೇಕಡಾ 3.5 ಅಂದರೆ 700, ಆ 700ಕ್ಕೆ ಜಿಎಸ್‌ಟಿ 126. ಒಟ್ಟು 20,826. ಬ್ಯಾಂಕಿನದೂ ಕಮ್ಮಿ ಏನಿಲ್ಲ, ಆದರೂ 774 ರೂಪಾಯಿ ಉಳೀತಿತ್ತು. ಭಾರತದ ಎಷ್ಟೋ ಬ್ಯಾಂಕುಗಳು ಹೊರದೇಶದಲ್ಲಿ ರೂಪಾಯಿಯಲ್ಲೇ ವ್ಯವಹಾರ ಆದರೂ ಬೇರೆ ಶುಲ್ಕ ಹಾಕುತ್ತವೆ. ಅಂದರೆ ಯಂತ್ರಕ್ಕೂ ಕೊಟ್ಟು, ಬ್ಯಾಂಕಿಗೂ ಕೊಟ್ಟ ಹಾಗೆ. ಅಪ್ಪ ಅಮ್ಮನನ್ನ ಕರೆಸಿಕೊಳ್ಳುವವರು ಇದನ್ನ ಮೊದಲೇ ಅವರ ಬ್ಯಾಂಕಿನಲ್ಲಿ ಕೇಳಿಟ್ಟುಕೊಳ್ಳಿ. ಹಾಗೇ ಕಾರ್ಡಿನಲ್ಲಿ ವಿದೇಶದ ಬಳಕೆ ಆನ್ ಆಗಿದೆಯಾ ಅಂತಲೂ ನೋಡಿ. 2020ರ ಆರ್‌ಬಿಐ ನಿಯಮದಿಂದೀಚೆಗೆ ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತೆ.

ಸರಿ, ಮಗಳು "DECLINE CONVERSION" ಒತ್ತಿದಳು. ಯಂತ್ರ ಬಿಡಲಿಲ್ಲ. ಖಂಡಿತಾನಾ, ನಿಮ್ಮ ಬ್ಯಾಂಕಿನ ದರ ಎಷ್ಟು ಅಂತ ಈಗ ಗೊತ್ತಾಗಲ್ಲ, ನಮ್ಮದಾದರೆ ಖಾತ್ರಿ ದರ ಅಂತ ಇನ್ನೊಂದು ಪರದೆ. ತರಕಾರಿಯವರು ನಾವು ಹೊರಟ ಮೇಲೆ "ಬನ್ನಿ ಅಕ್ಕಾ, ಬನ್ನಿ" ಅಂತ ಕೂಗ್ತಾರಲ್ಲ, ಹಾಗೆ. ವ್ಯತ್ಯಾಸ ಏನಂದ್ರೆ ತರಕಾರಿಯವರು ಎರಡನೇ ಸಲ ದರ ಇಳಿಸುತ್ತಾರೆ, ಇದು ಇಳಿಸಲ್ಲ. ಮಾತು ಸುಳ್ಳೂ ಅಲ್ಲ, ದರ ಖಾತ್ರಿ ಹೌದು, ತುಟ್ಟಿ ಅನ್ನೋದೂ ಖಾತ್ರಿ.

ಅಲ್ಲೂ ಬೇಡ ಅಂದಳು. ಒಂದು ನಾಲ್ಕು ಸೆಕೆಂಡು ಯಂತ್ರ ಗುರ್ ಅಂತು. ಮಾವ ಉಸಿರು ಬಿಗಿ ಹಿಡಿದಿದ್ದರು. ಮೊದಲು ಕಾರ್ಡ್ ಹೊರಗೆ ಬಂತು, ಆಮೇಲೆ ನೋಟು. "ಬಂತಲ್ಲೇ!" ಅಂದರು.

ಮಾವನ ಹಾಗೆ ಹೆದರುವವರಿಗೆ ನಾನು ಕೈ ಹಿಡಿದು ತೋರಿಸೋದು ಒಂದೇ. ವ್ಯವಹಾರವನ್ನೇ ನಿಲ್ಲಿಸೋ ಗುಂಡಿ ಕೆಳಗಿನ ಅಂಕಿಗಳ ಪಕ್ಕದಲ್ಲಿರುತ್ತೆ, ಕೆಂಪು ಬಣ್ಣದ್ದು, "CANCEL" ಅಂತ. ಅದನ್ನ ಒತ್ತಿದರೆ ಕಾರ್ಡ್ ಹೊರಗೆ, ದುಡ್ಡಿಲ್ಲ. ವಿನಿಮಯ ಬೇಡ ಅನ್ನೋದು ಪರದೆ ಮೇಲಿನ ಆಯ್ಕೆ. ಅದಕ್ಕೂ ಕೆಲವು ಕಡೆ ಕೆಂಪು ಬಣ್ಣ ಬಳಿದಿರುತ್ತಾರೆ, ಬಣ್ಣ ನೋಡಿ ಮೋಸ ಹೋಗಬಾರದು, ಪದ ನೋಡಬೇಕು. ಗ್ರಾಹಕರಿಗೆ ಆಯ್ಕೆ ಕೊಡಲೇಬೇಕು ಅಂತ ಕಾರ್ಡ್ ಜಾಲದವರ ನಿಯಮವೇ ಇದೆ, ಬೇಡ ಅಂದವರಿಗೆ ದುಡ್ಡು ಕೊಡಲ್ಲ ಅನ್ನೋ ಹಾಗಿಲ್ಲ.

ಬೇಡ ಅನ್ನೋದರಿಂದ ತಪ್ಪಿಸಿಕೊಳ್ಳೋಕೆ ಆಗದ್ದೂ ಒಂದಿದೆ. ಯೂರೋಪಿನ ಪ್ರವಾಸಿ ಜಾಗಗಳ ಯಂತ್ರಗಳು ತಮ್ಮದೇ ಬಳಕೆ ಶುಲ್ಕ ಅಂತ ನಾಲ್ಕೈದು ಯೂರೋ ಕೇಳುತ್ತವೆ, ಅದು ಬೇರೆ ಪರದೆ. ಅದನ್ನ ಬೇಡ ಅಂದರೆ ಮಾತ್ರ ನಿಜವಾಗಿಯೂ ದುಡ್ಡು ಬರಲ್ಲ, ಕಾರ್ಡ್ ತಗೊಂಡು ಅಲ್ಲಿನ ಯಾವುದಾದರೂ ದೊಡ್ಡ ಬ್ಯಾಂಕಿನ ಯಂತ್ರಕ್ಕೆ ಹೋಗಬೇಕು. ಇವೆರಡು ಪರದೆ ಒಂದರ ಹಿಂದೊಂದು ಬರೋದರಿಂದಲೇ ಜನಕ್ಕೆ ಗೊಂದಲ.

ಮನೆಗೆ ಬಂದ ಮೇಲೆ ಚೀಟಿ ನೋಡಿದ್ವಿ. ಬರೀ INR 10,000 ಅಂತಷ್ಟೇ ಇತ್ತು, ಯೂರೋ ಮಾತೇ ಇಲ್ಲ. ವಿನಿಮಯ ಆಗಿದ್ದರೆ ಎರಡೂ ಹಣ, ದರ, ಗ್ರಾಹಕರು ಒಪ್ಪಿದ್ದಾರೆ ಅನ್ನೋ ಒಕ್ಕಣೆ ಎಲ್ಲ ಅಚ್ಚಾಗಿರುತ್ತೆ. ಒಪ್ಪಿ ಒತ್ತಿದ್ದನ್ನ ಎಟಿಎಂನಲ್ಲಿ ಆಮೇಲೆ ಹಿಂದಕ್ಕೆ ತರೋಕೆ ದಾರಿ ಇಲ್ಲ. ಕೇಳದೇ ಮಾಡಿದ್ದರೆ ಮಾತ್ರ ಚೀಟಿ ಇಟ್ಟುಕೊಂಡು ನಮ್ಮ ಬ್ಯಾಂಕಿಗೆ ದೂರು ಕೊಡಬಹುದು.

ಅಂಗಡಿಯಲ್ಲಿ ಇನ್ನೊಂದು ದಾರಿ ಇದೆ. ಅದೇ ವಾರ ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿ ನನ್ನ ಜರ್ಮನಿ ಕಾರ್ಡ್ ತಗೊಂಡ ಹುಡುಗ ಕೇಳದೇ ಯೂರೋ ಒತ್ತಿಬಿಟ್ಟ. "ನಿಮ್ಗೆ ಅನುಕೂಲ ಆಗ್ಲಿ ಅಂತ ಮೇಡಂ." ಚೀಟಿಯಲ್ಲಿ EUR ನೋಡಿದ ಕೂಡಲೇ ಅದನ್ನ ರದ್ದು ಮಾಡಿ ರೂಪಾಯಿಯಲ್ಲಿ ಮತ್ತೆ ಹಾಕಿ ಅಂದೆ. ಅವತ್ತಿನ ಲೆಕ್ಕ ಮುಗಿಯೋ ಮುಂಚೆ ಆದರೆ ಅಂಗಡಿಯವರು ಅದನ್ನ ಮಾಡಬಹುದು, ಮಾಡಿದರು, ಸ್ವಲ್ಪ ಮುಖ ಸಪ್ಪಗೆ ಮಾಡಿಕೊಂಡು.

ಮಾವ ಏಪ್ರಿಲ್‌ಗೆ ಮತ್ತೆ ಮ್ಯೂನಿಕ್‌ಗೆ ಬರ್ತಿದ್ದಾರೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಮೊಮ್ಮಗಳಿಗೆ ಕಾರ್ಡಿನ ಕವರ್ ತೋರಿಸಿದರು. ಒಳಗೆ ಮಡಿಸಿದ ಒಂದು ಚೀಟಿ. ಯಂತ್ರಕ್ಕೊಂದು ಮಾತು ಅಂತ ಇವಳು ಹೇಳಿದ್ದನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಒಂದರ ಕೆಳಗೊಂದು ಬರೆದುಕೊಂಡಿದ್ದಾರೆ: "DECLINE CONVERSION", "CONTINUE WITHOUT CONVERSION", "CHARGE IN EUR". ಕೆಳಗೆ ಕನ್ನಡದಲ್ಲಿ, ದಪ್ಪಗೆ, "ಎರಡು ಸಲ ಕೇಳ್ತದೆ."